ಎರಡು ಸಲ ಬಂದ ಒಂದು ಗಂಟೆ
2024ರ ನವೆಂಬರ್ 3ರ ನಸುಕಿನಲ್ಲಿ, ಬೇಸಿಗೆಗೆಂದು ಮುಂದೆ ಇಟ್ಟಿದ್ದ ಗಡಿಯಾರವನ್ನು ನ್ಯೂಯಾರ್ಕಿನವರು ಎರಡು ಗಂಟೆಯಾಗುತ್ತಿದ್ದಂತೆ ಮತ್ತೆ ಒಂದಕ್ಕೆ ತಿರುಗಿಸಿದರು. ಹಾಗಾಗಿ ಒಂದರಿಂದ ಎರಡರವರೆಗಿನ ಹೊತ್ತು ಎರಡು ಸಲ ಬಂತು. ಅಲ್ಲಿನ ಗ್ರಾಹಕರೊಬ್ಬರು ಮೊದಲ ಸುತ್ತಿನ 1:50ಕ್ಕೆ ಆರ್ಡರ್ ಕೊಟ್ಟು, ಇಪ್ಪತ್ತು ನಿಮಿಷ ಬಿಟ್ಟು ರದ್ದು ಮಾಡಿದರು ಎನ್ನೋಣ. ಆಗ ಗೋಡೆ ಗಡಿಯಾರ ತೋರಿಸುವುದು 1:10. ಈ ಸ್ಥಳೀಯ ಸಮಯವನ್ನೇ ಡೇಟಾಬೇಸಿನಲ್ಲಿ ಬರೆದಿಟ್ಟರೆ, ಆರ್ಡರ್ ಕೊಡುವ ಮೊದಲೇ ಅದು ರದ್ದಾದಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಕೂತು ಪರೀಕ್ಷಿಸುವವರಿಗೆ ಈ ತಪ್ಪು ಸಿಗುವುದೇ ಕಷ್ಟ, ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲ. ಯುಟಿಸಿ ಅಂದರೆ ಯಾವ ಋತುವಿನಲ್ಲೂ ಹಿಂದೆ ಮುಂದೆ ಆಗದ, ಜಗತ್ತಿಗೆಲ್ಲ ಒಂದೇ ಆದ ಸಮಯ. ಅದರಲ್ಲಿ ಬರೆದರೆ ಆರ್ಡರ್ `2024-11-03T05:50:00Z`, ರದ್ದತಿ `2024-11-03T06:10:00Z`; ಕೊನೆಯ `Z` ಯುಟಿಸಿಯ ಗುರುತು. ಕ್ರಮ ಕೆಡುವುದಿಲ್ಲ, ಕಳೆದರೆ ಸರಿಯಾಗಿ ಇಪ್ಪತ್ತು ನಿಮಿಷ. ನೋಡುವವರ ಊರಿನ ಸಮಯಕ್ಕೆ ಬದಲಿಸುವ ಕೆಲಸ ಪರದೆಯ ಮೇಲೆ ತೋರಿಸುವಾಗ ಮಾತ್ರ. ಆದರೆ ಯುಟಿಸಿಯನ್ನೇ ಎಲ್ಲದಕ್ಕೂ ಅನ್ವಯಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗಿಹೋದ ಘಟನೆಗೆ ಯುಟಿಸಿ ಸಾಕು. ಪ್ರತಿ ಸೋಮವಾರ ನ್ಯೂಯಾರ್ಕಿನ ಬೆಳಗಿನ ಒಂಬತ್ತಕ್ಕೆ ನಡೆಯುವ ಸಭೆಗೆ ಸಾಲದು: ಅದು ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಅಂಥದ್ದಕ್ಕೆ ‘ಒಂಬತ್ತು ಗಂಟೆ’ಯ ಜೊತೆ `America/New_York` ಎಂಬ ವಲಯದ ಹೆಸರನ್ನೂ ಉಳಿಸಿಟ್ಟುಕೊಳ್ಳಬೇಕು, ಅಲ್ಲಿನ ಸರ್ಕಾರ ನಾಳೆ ನಿಯಮ ಬದಲಿಸಿದರೂ ಸಭೆ ಒಂಬತ್ತಕ್ಕೇ ಇರುತ್ತದೆ.