ಸರ್ಪಸುತ್ತಿಗೆ ವಾರ ಕಾಯಬೇಡಿ

‘ಸರ್ಪಸುತ್ತು ಬರೀ ಚರ್ಮದ ಕಾಯಿಲೆ, ಲೇಪ ಹಚ್ಚಿ ವಾರ ಕಾದರೆ ಸಾಕು’ ಎಂಬ ಕಳೆದ ಸಂಚಿಕೆಯ ಲೇಖನದ ಸಲಹೆ ಹಿರಿಯರಿಗೆ ಅಪಾಯಕಾರಿ. ರೋಗದ ಬೇರಿರುವುದು ನರದಲ್ಲಿ. ಬಾಲ್ಯದಲ್ಲಿ ಅಮ್ಮ ಎದ್ದು ಇಳಿದ ಮೇಲೂ ಅದರ ವೈರಸ್ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನಿದ್ದು, ಮುಪ್ಪಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಜಾಡು ಹಿಡಿದು ಹೊರಬರುತ್ತದೆ. ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಏಳುವುದು ಅದಕ್ಕೇ.

ಎಪ್ಪತ್ತರ ಅಜ್ಜಿಗೆ ಹಣೆಯ ಒಂದು ಬದಿ ಉರಿದು, ಎದ್ದ ಗುಳ್ಳೆ ಮೂಗಿನ ತುದಿಗೂ ಇಳಿಯಿತು ಎನ್ನಿ. ಅಲ್ಲಿಗೆ ಹೋಗುವ ನರದ ಕವಲೇ ಕಣ್ಣಿಗೂ ಹೋಗುತ್ತದೆ. ಅಂದೇ ಕಣ್ಣಿನ ವೈದ್ಯರಿಗೆ ತೋರಿಸದಿದ್ದರೆ ದೃಷ್ಟಿಗೇ ಕುತ್ತು. ಅಸೈಕ್ಲೊವಿರ್‌ನಂಥ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಲೇಖಕರ ವಾರ ಮುಗಿಯುವಷ್ಟರಲ್ಲಿ ಆ ಗಡುವು ದಾಟಿರುತ್ತದೆ. ಗಾಯ ಮಾಗಿದ ಮೇಲೂ ತಿಂಗಳುಗಟ್ಟಲೆ ಹಿರಿಯರನ್ನು ಕಾಡಬಲ್ಲ ನರದ ನೋವಿನ ಬಗ್ಗೆಯಂತೂ ಅವರು ಒಂದು ಮಾತೂ ಆಡಿಲ್ಲ.