ಲಾರಿಯ ವೇಗವೂ ಗಂಟೆಯ ಬೆಲೆಯೂ

ಕಳೆದ ತಿಂಗಳು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ, ಹತ್ತು ಚಕ್ರದ ಲಾರಿಗಳು ನಾಲ್ಕನ್ನು ಹುಬ್ಬಳ್ಳಿಗೂ ಬೆಂಗಳೂರಿಗೂ ನಡುವೆ ಓಡಿಸುತ್ತಿರುವ ಮಾಲೀಕರೊಬ್ಬರು, ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವಾಗಲೇ ತಮ್ಮ ವ್ಯಾಪಾರದ ರಹಸ್ಯವನ್ನು ನನಗೆ ಅರುಹಿದರು. “ಡ್ರೈವರಿಗೆ ಸಂಬಳ ಕೊಡಬೇಕು, ಬ್ಯಾಂಕಿಗೆ ಕಂತು ಕಟ್ಟಬೇಕು; ಗಾಡಿ ತೆವಳಿಕೊಂಡು ಬಂದರೆ ನನಗೇನು ಉಳೀತದೆ ಸ್ವಾಮೀ? ಎಂಬತ್ತರ ಕೆಳಗೆ ಮುಳ್ಳು ಇಳೀಬಾರದು ಅಂತ ಹೇಳಿಬಿಟ್ಟೀನಿ” ಎಂದರು. ಎಂಬತ್ತೆಂಬುದು 2015ರಿಂದೀಚೆಗೆ ಸರ್ಕಾರವು ಸರಕು ವಾಹನಗಳಿಗೆ ವೇಗ ನಿಯಂತ್ರಕವನ್ನು ಕಡ್ಡಾಯ ಮಾಡಿದಾಗ ವಿಧಿಸಿದ ಮೇರೆ. ಮೀರಬಾರದೆಂದು ಹಾಕಿದ ಗೆರೆಯನ್ನು ಮುಟ್ಟಲೇಬೇಕಾದ ಗುರಿಯೆಂದು ಅವರು ತಿಳಿದಂತಿತ್ತು. ಇದಕ್ಕೆ ತದ್ವಿರುದ್ಧವಾದ ಉಪದೇಶವನ್ನು ಡೀಸೆಲ್ ಬಂಕಿನ ಗೋಡೆಗಳಲ್ಲಿ ಓದಬಹುದು: ನಿಧಾನವಾಗಿ ಚಲಿಸಿರಿ, ಇಂಧನ ಉಳಿಸಿರಿ. ಇವೆರಡೂ ಒಂದೇ ಬಗೆಯ ತಪ್ಪೆಂಬುದು ನನ್ನ ಅಭಿಪ್ರಾಯ. ಒಂದು ಗಂಟೆಯನ್ನು ಮಾತ್ರ ಎಣಿಸುತ್ತದೆ, ಮತ್ತೊಂದು ಲೀಟರನ್ನು ಮಾತ್ರ.

ಚಲಿಸುವ ಲಾರಿಯು ಡೀಸೆಲನ್ನು ಮೂರು ಕಡೆ ವ್ಯಯ ಮಾಡುತ್ತದೆ. ಚಕ್ರಗಳು ಉರುಳುವಾಗ ಟೈರು ನಲುಗಿ ಹೀರುವ ಶಕ್ತಿ ಮೊದಲನೆಯದು. ಇದು ಹೊರೆಯನ್ನು ಅವಲಂಬಿಸಿದ್ದೇ ಹೊರತು ವೇಗ ಹೆಚ್ಚಿದರೂ ಕುಗ್ಗಿದರೂ ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಅಷ್ಟೇ. ಗಾಳಿಯನ್ನು ಸೀಳುವ ಶ್ರಮ ಎರಡನೆಯದು. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರತಕ್ಕದ್ದಾದ್ದರಿಂದ ನಲವತ್ತರಲ್ಲಿ ಒಂದು ಪಾಲಿದ್ದದ್ದು ಎಂಬತ್ತರಲ್ಲಿ ನಾಲ್ಕು ಪಾಲಾಗುತ್ತದೆ, ಟಾರ್ಪಾಲು ಸಡಿಲವಾಗಿ ಪಟಪಟಿಸುತ್ತಿದ್ದರಂತೂ ಇನ್ನೂ ಹೆಚ್ಚು. ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೆ, ಗಾಡಿ ನಿಂತಿದ್ದರೂ ಬಿಡದೆ ಗಂಟೆಗೆ ಸುಮಾರು ಎರಡು ಲೀಟರಿನಂತೆ ಕುಡಿಯುವುದು ಮೂರನೆಯದು. ಇದು ಕಾಲಕ್ಕೆ ಸಲ್ಲುವ ಕಂದಾಯವಾದಕಾರಣ ನಿಧಾನವಾಗಿ ಹೋದಷ್ಟೂ ಪ್ರತಿ ಕಿಲೋಮೀಟರಿಗೆ ಹೆಚ್ಚು ಬೀಳುತ್ತದೆ. ಅತಿ ನಿಧಾನವೂ ಇಂಧನಕ್ಕೆ ನಷ್ಟವೇ ಆಗುವುದು ಈ ಮೂರನೆಯದರ ದೆಸೆಯಿಂದ.

ಮಾಲೀಕರ ಲಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೊರೆ ಸೇರಿ 28 ಟನ್ನು ತೂಕ, ಸುಮಾರು 400 ಕಿಲೋಮೀಟರಿನ ದಾರಿ, ಡೀಸೆಲು ಲೀಟರಿಗೆ 90 ರೂಪಾಯಿ ಎಂದಿರಲಿ. ಈ ಗಾತ್ರದ ಗಾಡಿಗೆ ಸಾಮಾನ್ಯವಾಗಿ ಹೊಂದುವ ಗುಣಕಗಳನ್ನು ಹಿಡಿದು ನಾನು ಗುಣಿಸಿದರೆ, ಸಮತಟ್ಟಾದ ರಸ್ತೆಯ ಮೇಲೆ ಒಂದೇ ಸಮನಾದ ನಲವತ್ತರ ವೇಗದಲ್ಲಿ 96 ಲೀಟರೂ, ಅರವತ್ತರಲ್ಲಿ 108 ಲೀಟರೂ, ಎಂಬತ್ತರಲ್ಲಿ 130 ಲೀಟರೂ ಬೇಕಾಗುತ್ತದೆ. ಕಾಲವು ಕ್ರಮವಾಗಿ ಹತ್ತು ಗಂಟೆ, ಆರು ಗಂಟೆ ನಲವತ್ತು ನಿಮಿಷ, ಐದು ಗಂಟೆ. ಈ ಅಂಕಿಗಳನ್ನು ಅಂಗಡಿಯ ಬೆಲೆಪಟ್ಟಿಯಂತೆ ಓದಬೇಕು. ನಲವತ್ತರಿಂದ ಅರವತ್ತಕ್ಕೆ ಏರುವವನು 12 ಲೀಟರು ಹೆಚ್ಚಾಗಿ ಸುಟ್ಟು ಮೂರು ಗಂಟೆ ಇಪ್ಪತ್ತು ನಿಮಿಷವನ್ನು ಕೊಳ್ಳುತ್ತಾನೆ. ಗಂಟೆಯೊಂದಕ್ಕೆ ಬಿದ್ದ ಬೆಲೆ ಸುಮಾರು 325 ರೂಪಾಯಿ. ಅರವತ್ತರಿಂದ ಎಂಬತ್ತಕ್ಕೆ ಏರುವವನು 22 ಲೀಟರು ಸುಟ್ಟು ಒಂದು ಗಂಟೆ ನಲವತ್ತು ನಿಮಿಷವನ್ನಷ್ಟೇ ಕೊಳ್ಳುತ್ತಾನೆ. ಅವನಿಗೆ ಗಂಟೆ ಸಿಕ್ಕುವುದು 1190 ರೂಪಾಯಿಗೆ. ಅಂಗಡಿಯೂ ಅದೇ, ಸರಕೂ ಅದೇ; ಆದರೆ ಒಳಗೆ ಹೋದಷ್ಟೂ ಬೆಲೆ ಏರುತ್ತದೆ.

ಹಾಗಾದರೆ ಗಂಟೆಯ ಯೋಗ್ಯ ಬೆಲೆ ಯಾವುದು? ಚಾಲಕನಿಗೂ ಕ್ಲೀನರಿಗೂ ಸೇರಿ ದಿನಕ್ಕೆ 1500 ರೂಪಾಯಿ, ಹತ್ತು ಗಂಟೆಯ ಓಟ ಎಂದರೆ ಗಂಟೆಗೆ 150. ಕಾಲಕ್ಕೆ ಬೆಲೆಯನ್ನೇ ಕಟ್ಟದೆ ಬರಿಯ ಇಂಧನವನ್ನು ನೋಡಿದರೆ ಮಿತವ್ಯಯದ ವೇಗ ಮೂವತ್ತೈದರ ಆಸುಪಾಸಿಗೆ ಬರುತ್ತದೆ; ಕೂಲಿಯನ್ನು ಸೇರಿಸಿದರೆ ನಲವತ್ತಮೂರು; ಬ್ಯಾಂಕಿನ ಕಂತು, ವಿಮೆ, ತೆರಿಗೆಗಳೆಂದು ಗಂಟೆಗೆ ಇನ್ನೂ 300 ರೂಪಾಯಿಯನ್ನು ಹೇರಿದರೆ ಐವತ್ತನಾಲ್ಕು. ಕಾಲದ ಬೆಲೆಯನ್ನು ಮೂರು ಪಟ್ಟು ಮಾಡಿದರೂ ವೇಗ ಏರಿದ್ದು ಹನ್ನೊಂದೇ ಕಿಲೋಮೀಟರು, ಏಕೆಂದರೆ ಈ ಲೆಕ್ಕದಲ್ಲಿ ವೇಗವು ಬೆಲೆಗಳ ಘನಮೂಲವನ್ನು ಅನುಸರಿಸುತ್ತದೆ. ಎಂಬತ್ತೇ ಸರಿಯಾದ ವೇಗವಾಗಬೇಕಾದರೆ ಗಂಟೆಯೊಂದು ಸುಮಾರು 1900 ರೂಪಾಯಿ ಬಾಳಬೇಕು. ಐವತ್ತನಾಲ್ಕನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ, ಅರವತ್ತರಲ್ಲಿ ಓಡಿಸಿದರೆ ಕಿಲೋಮೀಟರಿಗೆ ಇಪ್ಪತ್ತೆರಡು ಪೈಸೆ ಹೆಚ್ಚು, ಅಷ್ಟೆ. ಎಂಬತ್ತಕ್ಕೆ ಹೋದರೆ ಮಾತ್ರ, ಉಳಿದ ಗಂಟೆಗಳ ಬೆಲೆಯನ್ನೆಲ್ಲ ಜಮಾ ಹಿಡಿದ ಮೇಲೂ, ಮೂರು ರೂಪಾಯಿಗೆ ಮಿಗಿಲಾದ ನಷ್ಟ. ಕೆಳಗಿನ ಅಂಕಿಗಳನ್ನೂ ಪೂರ್ತಿ ನಂಬಬಾರದು. ಮೂವತ್ತೈದರಲ್ಲಿ ಮೇಲಿನ ಗೇರು ಹಾಕಿದರೆ ಎಂಜಿನ್ನು ಏದುಸಿರು ಬಿಡುತ್ತದೆ, ಕೆಳಗಿನ ಗೇರಿಗೆ ಇಳಿದರೆ ವೃಥಾ ತಿರುಗುತ್ತದೆ. ಸುತ್ತುಮಾಪಕದ ಹಸಿರು ಪಟ್ಟಿಯಲ್ಲಿ ಮುಳ್ಳು ಮೇಲಿನ ಗೇರಿನಲ್ಲೇ ನಿಲ್ಲಬೇಕಾದರೆ ಇನ್ನಷ್ಟು ವೇಗ ಬೇಕೇ ಬೇಕು.

ಮಾಲೀಕರ ಪರವಾಗಿ ಹೇಳಬಹುದಾದ ಗಟ್ಟಿಯಾದ ಮಾತೊಂದುಂಟು, ಅದನ್ನು ನಾನು ಗೌರವಿಸುತ್ತೇನೆ. ಕೋಲಾರದ ಮಂಡಿಯಿಂದ ಟೊಮೇಟೊ ಹೊತ್ತು ಚೆನ್ನೈನ ಕೊಯಂಬೇಡಿಗೆ ಹೊರಟ ಲಾರಿಗೆ ನಸುಕಿನ ವ್ಯಾಪಾರ ತಪ್ಪಿದರೆ, ಒಂದು ಗಂಟೆಯ ತಡವು ಅಷ್ಟೂ ಹೊರೆಯ ಬೆಲೆಯನ್ನು ಇಳಿಸಬಹುದು. ಅಂಥಲ್ಲಿ ಗಂಟೆಯ ಬೆಲೆ 1900ನ್ನು ದಾಟುವುದರಲ್ಲಿ ಸಂಶಯವಿಲ್ಲ. ಉಳಿಸಿದ ಕಾಲವೆಲ್ಲ ಕೂಡಿ ತಿಂಗಳಿಗೆ ಇನ್ನೊಂದು ಬಾಡಿಗೆ ಸಿಕ್ಕುವುದಾದರೂ ಹಾಗೆಯೇ. ಆದರೆ ಗಂಟೆಗಳು ಕಾಸಿನಂತೆ ಹುಂಡಿಯಲ್ಲಿ ಕೂಡುವುದಿಲ್ಲ. ಪೂರ್ತಿಯಾಗಿ ಒಂದು ಬಾಡಿಗೆಯಷ್ಟು ಆದರೆ ಉಂಟು, ಇಲ್ಲದಿದ್ದರೆ ಸೊನ್ನೆ. ಗಾಡಿ ವೇಗವಾಗಿ ಹೋದರೆ ಸಾಕು, ಲೋಡು ತಾನಾಗಿ ಸಿಕ್ಕುತ್ತದೆನ್ನುವವರು ಬುಕಿಂಗ್ ಆಫೀಸಿನ ಬೆಂಚಿನ ಮೇಲೆ ಎರಡು ದಿನ ಕುಳಿತು ನೋಡಲಿ.

ಚಾಲಕನನ್ನು ದೂರುವ ಮೊದಲು ಅವನಿಗೆ ಕೂಲಿ ಸಲ್ಲುವ ಬಗೆಯನ್ನು ನೋಡತಕ್ಕದ್ದು. ಟ್ರಿಪ್ಪಿಗೆ ಇಷ್ಟೆಂದು ಹಣ ಪಡೆಯುವವನಿಗೆ ಡೀಸೆಲು ಮಾಲೀಕನದು, ಉಳಿದ ಗಂಟೆ ತನ್ನದು. ಅವನು ಓಡಿಸದೆ ಇರುತ್ತಾನೆಯೇ? ಟ್ರಿಪ್ಪಿಗೆ ಇಷ್ಟು ಲೀಟರೆಂದು ಅಳೆದುಕೊಟ್ಟು ಉಳಿಕೆಯನ್ನು ಅವನಿಗೇ ಬಿಟ್ಟರೆ ಅದೇ ಮನುಷ್ಯ ಕಾಲನ್ನು ಮೇಲೆತ್ತುತ್ತಾನೆ. ಅಮೆರಿಕದಲ್ಲಿ 1973ರ ತೈಲದ ಅಭಾವದ ಬೆನ್ನಿಗೇ ಗಂಟೆಗೆ 55 ಮೈಲಿಯ ಮಿತಿ ಬಂದಾಗ ಮೊದಲು ದಂಗೆಯೆದ್ದವರಲ್ಲಿ ಸ್ವಂತ ಲಾರಿಯ ಚಾಲಕರಿದ್ದರು. ಮೈಲಿಯ ಲೆಕ್ಕದಲ್ಲಿ ದುಡಿಯುವವನಿಗೆ ಆ ಶಾಸನವು ಡೀಸೆಲಿನ ಉಳಿತಾಯವಾಗಿ ಕಾಣದೆ ದಿನಗೂಲಿಯ ಕಡಿತವಾಗಿ ಕಂಡದ್ದು ಸಹಜವೇ ಆಗಿತ್ತು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದು ವಿಧಿಸಿತ್ತು. ನಲವತ್ತರಲ್ಲಿ ಹತ್ತು ಗಂಟೆಯಾಗುವ ದಾರಿ ಅದಕ್ಕೆ ಮೀರಿದ್ದು, ಐವತ್ತನಾಲ್ಕರಲ್ಲಿ ಏಳೂವರೆ ಗಂಟೆಯೊಳಗೆ ಮುಗಿಯುವಂಥದ್ದು. ಬಂಕಿನ ಗೋಡೆಯ ಉಪದೇಶಕ್ಕೆ ಚಾಲಕನ ಕಣ್ಣಿನ ನಿದ್ರೆ ಲೆಕ್ಕಕ್ಕೆ ಬಂದಿಲ್ಲ.

ಪಾಯಸ ಬರುವ ಹೊತ್ತಿಗೆ ನಾನು ಮಾಲೀಕರನ್ನು ಒಂದೇ ಪ್ರಶ್ನೆ ಕೇಳಿದೆ: ಗಾಡಿ ಹುಬ್ಬಳ್ಳಿ ಬಿಡುವುದು ಎಷ್ಟು ಹೊತ್ತಿಗೆ, ಬೆಂಗಳೂರಿನಲ್ಲಿ ಗೋದಾಮಿನ ಬಾಗಿಲು ತೆರೆಯುವುದು ಎಷ್ಟು ಹೊತ್ತಿಗೆ? ರಾತ್ರಿ ಎಂಟಕ್ಕೆ ಬಿಡುತ್ತದೆ, ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತಾರೆ ಎಂದರು. ಎಂಬತ್ತರಲ್ಲಿ ಬಂದ ಗಾಡಿ ಒಂದು ಗಂಟೆಗೆ ಗೋದಾಮಿನ ಮುಂದೆ ನಿಲ್ಲುತ್ತದೆ, ಅರವತ್ತರಲ್ಲಿ ಬಂದದ್ದು ಮೂರಕ್ಕೆ ಇಪ್ಪತ್ತು ನಿಮಿಷವಿರುವಾಗ. ಎರಡಕ್ಕೂ ಬಾಗಿಲು ತೆರೆಯುವುದು ಒಂದೇ ಹೊತ್ತಿಗೆ. ಮಾಲೀಕರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, “ಡ್ರೈವರು ಆ ಎರಡು ಗಂಟೆ ಮಲಗ್ತಾನಲ್ಲ ಸ್ವಾಮೀ, ಅದು ಲೆಕ್ಕಕ್ಕಿಲ್ಲವೆ?” ಎಂದು ಕೇಳಿದರು. ಅದು ನಾನು ಎಣಿಸದ ಮಾತಾಗಿತ್ತು. ಆ ನಿದ್ರೆಗೆ ಬೀಳುವ ಇಪ್ಪತ್ತೆರಡು ಲೀಟರನ್ನು ತಾವು ತಿಳಿದೇ ಕೊಡುವುದಾದರೆ ನನ್ನ ಆಕ್ಷೇಪಣೆಯಿಲ್ಲ, ಆದರೆ ಎಂಟರ ಬದಲು ಗಾಡಿಯನ್ನು ಆರಕ್ಕೇ ಬಿಡಿಸಿದರೆ ಅದೇ ನಿದ್ರೆ ಪುಕ್ಕಟೆಯಾಗಿ ಸಿಕ್ಕುತ್ತದಲ್ಲಾ ಎಂದೆ. ಲೋಡಿಂಗು ಮುಗಿಯುವುದೇ ಏಳೂವರೆಗೆ ಎಂದು ಹೇಳಿ ಅವರು ಮಜ್ಜಿಗೆ ಕೇಳಿದರು.