ತಾತನ ಮನೆಗೆ ಬಂದ ನೋಟಿಸು

ಅರಸೀಕೆರೆಯ ತಾತ ಒಬ್ಬರು ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ನನ್ನ ಮೇಜಿನ ಮೇಲೆ ಸುರಿದರು. ಜೊತೆಗೆ ಎಂಟನೇ ತರಗತಿಯ ಮೊಮ್ಮಗಳು. ಆದಾಯ ತೆರಿಗೆ ಇಲಾಖೆಯಿಂದ ನೋಟಿಸು ಬಂದಿತ್ತು. "ಮನೆ ಮಾರಿದ್ದಕ್ಕೆ ತೆರಿಗೆ ಕಟ್ಟಬೇಕಂತೆ. ನಾನು ಆ ದುಡ್ಡಲ್ಲೇ ಮನೆ ಕಟ್ತಾ ಇದೀನಲ್ಲ ಸ್ವಾಮಿ?" ಅಂದರು. ಇಂಥ ಪ್ರಶ್ನೆ ನಮ್ಮ ಓದುಗ ಅಜ್ಜ-ಅಜ್ಜಿಯರಲ್ಲಿ ಅನೇಕರಿಗೆ ಬಂದೀತು. ಹಾಗಾಗಿ ಹೆಸರು ಬಿಟ್ಟು ಅವರ ಲೆಕ್ಕವನ್ನೇ ಈ ವಾರ ಹೇಳುತ್ತೇನೆ.

ತಾತ ಅರಸೀಕೆರೆಯ ಹಳೆಯ ಮನೆಯನ್ನು 2022ರ ಜುಲೈ 12ರಂದು 46 ಲಕ್ಷ 24 ಸಾವಿರಕ್ಕೆ ಮಾರಿದ್ದರು. 2001ರ ಏಪ್ರಿಲ್ 1ರಂದು ಆ ಮನೆಯ ಬೆಲೆ 4 ಲಕ್ಷ. ಅಂದಿನ ರೂಪಾಯಿಯೂ ಇಂದಿನ ರೂಪಾಯಿಯೂ ಒಂದೇ ಅಲ್ಲವಲ್ಲ, ಅದಕ್ಕೆ ಸರ್ಕಾರ ಪ್ರತಿ ವರ್ಷಕ್ಕೂ ಒಂದು ಸೂಚ್ಯಂಕ ಕೊಡುತ್ತದೆ. 2001-02ಕ್ಕೆ ಅದು 100, 2022-23ಕ್ಕೆ 331. ಮೊಮ್ಮಗಳೇ ಗುಣಿಸಿ ಹೇಳಿದಳು: 13 ಲಕ್ಷ 24 ಸಾವಿರ. ಮಾರಿದ ಬೆಲೆಯಿಂದ ಅದನ್ನು ಕಳೆದರೆ ಉಳಿಯುವುದು 33 ಲಕ್ಷ. ಇದೇ ಬಂಡವಾಳ ಲಾಭ.

1961ರ ಆದಾಯ ತೆರಿಗೆ ಕಾಯ್ದೆಯ 54ನೇ ಕಲಂ ಹೇಳುವುದಿಷ್ಟು. ವಾಸದ ಮನೆ ಮಾರಿ ಬಂದ ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ಅಷ್ಟರ ಮಟ್ಟಿಗೆ ತೆರಿಗೆ ಇಲ್ಲ. ಕೊಳ್ಳುವುದಾದರೆ ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು. ಕಟ್ಟುವುದಾದರೆ ಮೂರು ವರ್ಷದೊಳಗೆ ಕಟ್ಟಬೇಕು. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದ ಹೊತ್ತಿಗೆ ಖರ್ಚಾಗದೆ ಉಳಿದ ಹಣವನ್ನು ಬ್ಯಾಂಕಿನಲ್ಲಿ 'ಕ್ಯಾಪಿಟಲ್ ಗೇನ್ಸ್ ಖಾತೆ' ತೆರೆದು ಇಡಬೇಕು. ಮಾಮೂಲಿ ಎಫ್.ಡಿ. ಸಾಲದು. ಈ ಖಾತೆಯನ್ನು ಗ್ರಾಮೀಣ ಶಾಖೆಗಳಲ್ಲಿ ತೆರೆಯುವಂತಿಲ್ಲ. ಆದ್ದರಿಂದ ತಾತ ಅರಸೀಕೆರೆ ಪಟ್ಟಣದ ಶಾಖೆಯಲ್ಲೇ ತೆರೆದಿದ್ದರು. ಅದು ಅವರ ಪುಣ್ಯ.

ಹೊಸ ಮನೆ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ದೇವಸ್ಥಾನದಿಂದ ಸುಮಾರು 220 ಮೀಟರ್ ದೂರದ ನಿವೇಶನದಲ್ಲಿ. ತಡವಾಗಿದ್ದು ಇಲ್ಲೇ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಬೇಲೂರಿನ ಚೆನ್ನಕೇಶವನ ಸುತ್ತಲೂ ಇದೇ ನಿಯಮ. ದೇವಸ್ಥಾನದ ಪಕ್ಕ ನಿವೇಶನ ಕೊಳ್ಳುವವರು ಮೊದಲು ಟೇಪು ಹಿಡಿದು ಅಳೆಯುವುದು ಒಳ್ಳೆಯದು. ಮೂರು ವರ್ಷದ ಗಡಿಯಾರ ಅನುಮತಿಗಾಗಿ ಕಾಯುವಾಗಲೂ ನಿಲ್ಲುವುದಿಲ್ಲ.

2023ರ ಜುಲೈ 31ರ ಹೊತ್ತಿಗೆ ತಾತನ ಲೆಕ್ಕ ಹೀಗಿತ್ತು: ನಿವೇಶನಕ್ಕೆ 9 ಲಕ್ಷ, ಕಟ್ಟಡಕ್ಕೆ 7 ಲಕ್ಷ, ಖಾತೆಗೆ 17 ಲಕ್ಷ. ಒಟ್ಟು 33. ಮನೆ ಕಟ್ಟುವ ನಿವೇಶನದ ಬೆಲೆಯನ್ನೂ ಸೇರಿಸಬಹುದೆಂದು ಇಲಾಖೆಯೇ 1993ರ 667ನೇ ಸುತ್ತೋಲೆಯಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಬಂದ ನೋಟಿಸಿನಲ್ಲಿ ಅಧಿಕಾರಿಯ ತಕರಾರು ಎರಡು. ಮನೆ ಪೂರ್ಣವಾಗಿಲ್ಲ, ಕಟ್ಟಡದ 7 ಲಕ್ಷಕ್ಕೆ ಸರಿಯಾದ ದಾಖಲೆ ಇಲ್ಲ. ಆದ್ದರಿಂದ ವಿನಾಯಿತಿಯನ್ನೇ ಏಕೆ ತೆಗೆದುಹಾಕಬಾರದು?

ಮೊದಲು ನಾವು ನೋಡಿದ್ದು ನೋಟಿಸು ಅಸಲಿಯೇ ಎಂದು. ಅದರ ಮೇಲೆ ಡಿನ್ ಎಂಬ ಸಂಖ್ಯೆ ಇರುತ್ತದೆ. incometax.gov.in ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಇಲಾಖೆ ಕಳಿಸಿದ್ದೋ ಅಲ್ಲವೋ ತಿಳಿಯುತ್ತದೆ. ಆಮೇಲೆ ನೋಡಿದ್ದು ಉತ್ತರಕ್ಕೆ ಕೊಟ್ಟ ಕೊನೆಯ ದಿನ. ಈಗ ಅಧಿಕಾರಿ ಯಾವ ಊರಿನಲ್ಲಿ ಕೂತಿದ್ದಾರೆಂದು ನಮಗೆ ಗೊತ್ತಾಗುವುದಿಲ್ಲ, ಹೋಗಿ ಕೈಮುಗಿದು ವಿವರಿಸುವ ಕಾಲ ಹೋಯಿತು. ಕಾಗದವೇ ನಮ್ಮ ಪರವಾಗಿ ಮಾತಾಡಬೇಕು.

ಮೊಮ್ಮಗಳಿಗೆ ಒಂದು ಕೆಲಸ ಕೊಟ್ಟೆ: ಒಂದು ಉದ್ದ ಗೆರೆ ಎಳೆದು ತಾರೀಖುಗಳನ್ನು ಬರೆ ಅಂತ. ಬರೆದು ಮುಗಿಸುವಷ್ಟರಲ್ಲಿ ಅವಳೇ ಕೂಗಿದಳು, "ತಾತ, ಮೂರು ವರ್ಷ ಮುಗಿಯೋದು 2025ರ ಜುಲೈಗೆ! ಇನ್ನೂ ಆರು ತಿಂಗಳಿದೆ!"

ಮೊದಲ ತಕರಾರಿಗೆ ಉತ್ತರ ಅದೇ. ಗಡುವೇ ಮುಗಿಯದಿರುವಾಗ ಮನೆ ಮುಗಿದಿಲ್ಲ ಎನ್ನುವುದು ವಿನಾಯಿತಿ ನಿರಾಕರಿಸಲು ಕಾರಣವಾಗದು. ಖಾತೆಯಲ್ಲಿಟ್ಟ 17 ಲಕ್ಷವನ್ನು ಮನೆಗೆ ಹಾಕಿದ ಹಣವೆಂದೇ ಕಾಯ್ದೆ ಎಣಿಸುತ್ತದೆ. ಮೂರು ವರ್ಷ ಮುಗಿದ ಮೇಲೂ ಅದರಲ್ಲಿ ಖರ್ಚಾಗದೆ ಉಳಿದರೆ, ಆ ಉಳಿದದ್ದಕ್ಕೆ ಮಾತ್ರ, ಆ ವರ್ಷದಲ್ಲಿ ತೆರಿಗೆ. ಇದರ ಕೆಳಗೆ 2012ರ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪನ್ನೂ ಸೇರಿಸಿದೆವು (345 ಐ.ಟಿ.ಆರ್. 389). ಅದು 54ರ ತಂಗಿಯಂತಿರುವ 54ಎಫ್ ಕಲಮಿನದು. ಆ ಮನೆಯಲ್ಲಿ ನೆಲಹಾಸು, ವಿದ್ಯುತ್ ಕೆಲಸ, ಬಾಗಿಲು-ಕಿಟಕಿ ಇನ್ನೂ ಬಾಕಿ ಇತ್ತು. ಹಣವನ್ನು ಮನೆ ಕಟ್ಟಲು ತೊಡಗಿಸಿದ್ದಾರೆಯೇ ಎಂಬುದೇ ಮುಖ್ಯ, ಎಲ್ಲ ರೀತಿಯಲ್ಲೂ ಪೂರ್ಣಗೊಂಡಿರಬೇಕು ಎಂದಿಲ್ಲ ಎಂದು ನ್ಯಾಯಾಲಯ ತಾತನಂಥವರ ಪರ ಹೇಳಿತು. ಆದರೆ ತೀರ್ಪನ್ನು ಎರಡನೆಯ ಊರುಗೋಲಾಗಿ ಇಟ್ಟೆವು. ಮೊದಲನೆಯದು ತಾರೀಖೇ.

ಕಷ್ಟವಿದ್ದದ್ದು 7 ಲಕ್ಷದಲ್ಲಿ. 5 ಲಕ್ಷ 40 ಸಾವಿರ ಸಿಮೆಂಟು, ಕಬ್ಬಿಣ, ಇಟ್ಟಿಗೆ ಅಂಗಡಿಗಳಿಗೆ ಬ್ಯಾಂಕಿನಿಂದಲೇ ಹೋಗಿತ್ತು. ಬಿಲ್ಲಿನ ಸಂಖ್ಯೆಯ ಎದುರಿಗೆ ಪಾಸ್‌ಬುಕ್ಕಿನ ಸಾಲು, ಹೀಗೆ ಜೋಡಿಸಿ ಒಂದು ಪಟ್ಟಿ ಮಾಡಿದೆವು. ಉಳಿದ 1 ಲಕ್ಷ 60 ಸಾವಿರ ಗಾರೆ ಕೆಲಸದವರಿಗೆ ಕೈಯಲ್ಲಿ ಕೊಟ್ಟ ಕೂಲಿ. ಕೂಲಿಯನ್ನು ನಗದಾಗಿ ಕೊಡಬಾರದೆಂದು 54ನೇ ಕಲಮಿನಲ್ಲಿ ಎಲ್ಲೂ ಇಲ್ಲ, ಆದರೆ ಕೊಟ್ಟಿದ್ದನ್ನು ತೋರಿಸಬೇಕು. ಮೇಸ್ತ್ರಿಯ ನೋಟ್‌ಬುಕ್ ನಮ್ಮನ್ನು ಕಾಪಾಡಿತು. ವಾರದ ಬಟವಾಡೆ, ಆಳುಗಳ ಲೆಕ್ಕ, ಸಹಿ. ಪ್ರತಿ ಬಟವಾಡೆಯ ಹಿಂದಿನ ದಿನ ಬ್ಯಾಂಕಿನಿಂದ ಹಣ ತೆಗೆದ ಗುರುತೂ ಇತ್ತು. ಜೊತೆಗೆ ನೋಂದಾಯಿತ ಮೌಲ್ಯಮಾಪಕರಿಂದ ಕಟ್ಟಡದ ಅಳತೆ-ವೆಚ್ಚದ ವರದಿ, ತಾರೀಖಿರುವ ಫೋಟೋ, ಪಂಚಾಯಿತಿಯ ಪತ್ರ, ಸ್ಮಾರಕದ ಅನುಮತಿ.

ನೋಟ್‌ಬುಕ್ಕನ್ನು ಪುಟಪುಟ ನೋಡುವಾಗ 40 ಸಾವಿರದ ಒಂದು ಬಾಬ್ತು ಸಿಕ್ಕಿತು: ದನದ ಕೊಟ್ಟಿಗೆ. ಅದು ಮನೆಯಲ್ಲ. ನೆಂಟರೊಬ್ಬರು, "ಅದನ್ನ ಅಡುಗೆಮನೆ ಅಂತ ತಿದ್ದಿ ಬರೆದುಬಿಡಿ" ಅಂದರಂತೆ. ಬೇಡವೆಂದೆ. ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ದಂಡ ತೆರಿಗೆಯ ಎರಡು ಪಟ್ಟು, ಮಿಕ್ಕ ಪುಟಗಳನ್ನೂ ಯಾರೂ ನಂಬುವುದಿಲ್ಲ. ತಾತ ಒಪ್ಪಿದರು. ಉತ್ತರದಲ್ಲಿ ನಾವೇ ಅದನ್ನು ಬಿಟ್ಟುಕೊಟ್ಟೆವು. ಶೇಕಡ 20ರ ತೆರಿಗೆಗೆ ಸೆಸ್ ಸೇರಿ 8,320 ರೂಪಾಯಿ, ಮೇಲೆ ಬಡ್ಡಿ. ಒಟ್ಟು 33 ಲಕ್ಷದ ಮೇಲೆ ಲೆಕ್ಕ ಹಾಕಿದ್ದರೆ 6 ಲಕ್ಷ 86 ಸಾವಿರ ದಾಟುತ್ತಿತ್ತು.

ಉತ್ತರ ಮೂರೇ ಪುಟ. ಅಧಿಕಾರಿಯ ತಕರಾರನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ನಮ್ಮ ಉತ್ತರ, ಪಕ್ಕದಲ್ಲಿ ಎಷ್ಟನೇ ದಾಖಲೆ ಎಂಬ ಸಂಖ್ಯೆ. ಕೊನೆಯಲ್ಲಿ, ಒಪ್ಪದಿದ್ದರೆ ವಿಡಿಯೋ ಮೂಲಕ ನಮ್ಮ ಮಾತು ಕೇಳಬೇಕೆಂಬ ಕೋರಿಕೆ. ತಾಣದ e-Proceedings ವಿಭಾಗದಲ್ಲಿ ಸಲ್ಲಿಸಿ, ಸ್ವೀಕೃತಿ ಪತ್ರವನ್ನು ಮುದ್ರಿಸಿಕೊಂಡೆವು.

ಮಾರ್ಚಿನಲ್ಲಿ ಆದೇಶ ಬಂತು. ಕೊಟ್ಟಿಗೆಯ 40 ಸಾವಿರ ಬಿಟ್ಟು ಉಳಿದದ್ದಕ್ಕೆಲ್ಲ ವಿನಾಯಿತಿ ಉಳಿಯಿತು. ತಾತನಿಗೆ ಇನ್ನೂ ಕೆಲಸವಿದೆ: ಖಾತೆಯಿಂದ ತೆಗೆದ ಹಣವನ್ನು ಪ್ರತಿ ಸಲವೂ 60 ದಿನದೊಳಗೆ ಮನೆಗೇ ಖರ್ಚು ಮಾಡಬೇಕು, ಹಾಗೆ ಮಾಡಿದ ವಿವರವನ್ನು ಮುಂದಿನ ಸಲ ತೆಗೆಯುವಾಗ ಬ್ಯಾಂಕಿಗೆ ಕೊಡಬೇಕು. ಆ ಲೆಕ್ಕದ ಪುಸ್ತಕ ಈಗ ಮೊಮ್ಮಗಳ ಕೈಯಲ್ಲಿದೆ, ಮೇಸ್ತ್ರಿಯೂ ಅವಳ ಹತ್ತಿರವೇ ಸಹಿ ಹಾಕುತ್ತಾನಂತೆ.